ರಜೆಯಲ್ಲಿದ್ದವರ ಸಹಿ

(ಮೈಸೂರಿನಲ್ಲಿ ಖರೀದಿ ಮತ್ತು ಸ್ಟೋರ್ಸ್ ವಿಭಾಗದವರ ಸಭೆಯಲ್ಲಿ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ. ಹೂಟಗಳ್ಳಿ, ನಂಜನಗೂಡು, ಮದ್ದೂರು ಕಡೆಯಿಂದೆಲ್ಲ ಬಂದಿದ್ದೀರಿ. ಯಾರು ಎಷ್ಟು ರೂಪಾಯಿವರೆಗಿನ ಪರ್ಚೇಸ್ ಆರ್ಡರ್‌ಗೆ ಸಹಿ ಹಾಕಬಹುದು ಅನ್ನುವ ಲಿಮಿಟ್ ಪಟ್ಟಿ ನಿಮ್ಮೆಲ್ಲರ ಹತ್ತಿರ ಇದೆ. ಅದರಲ್ಲಿರುವವರು ರಜೆ ಹಾಕಿದ ದಿನ ಏನಾಗುತ್ತದೆ? ನನಗೆ ಮಾತಾಡಬೇಕಿರುವುದು ಅದರ ಬಗ್ಗೆ. ಮೊದಲೇ ಹೇಳಿಬಿಡುತ್ತೇನೆ, ಪಾಸ್‌ವರ್ಡ್ ಕೊಡುವುದು ಡೆಲಿಗೇಶನ್ ಅಲ್ಲ.

ಮಂಡ್ಯ ಕಡೆಯ ಒಂದು ಸಕ್ಕರೆ ಕಾರ್ಖಾನೆ. ಹೆಸರು ಬೇಡ. ಕಬ್ಬು ಅರೆಯುವ ಹಂಗಾಮು. ಮಿಲ್ ಗೇರ್‌ಬಾಕ್ಸ್‌ಗೆ ಬೇರಿಂಗ್ ಬೇಕು, ಆರ್ಡರ್ 6,40,000 ರೂಪಾಯಿ. ಪರ್ಚೇಸ್ ಮ್ಯಾನೇಜರ್ ಲಿಮಿಟ್ 2 ಲಕ್ಷ, ಜಿಎಂ ಅವರದು 10 ಲಕ್ಷ, ಅದರ ಮೇಲೆ ಎಂಡಿ. ಶನಿವಾರ ಸಂಜೆ ಆರ್ಡರ್ ಜಿಎಂ ಅವರ ಇನ್‌ಬಾಕ್ಸ್‌ಗೆ ಬಂತು. ಅವರಿಗೆ ಸೋಮವಾರದಿಂದ ರಜೆ, ಮಗಳ ಮದುವೆ. ಸೋಮವಾರದಿಂದಲೇ ಅನ್ವಯವಾಗುವಂತೆ ಪರ್ಚೇಸ್ ಮ್ಯಾನೇಜರ್ ಹೆಸರಿಗೆ ಡೆಲಿಗೇಶನ್ ಹಾಕಿ ಹೊರಟರು.

ಆ ಸಿಸ್ಟಮ್‌ನಲ್ಲಿ ಡೆಲಿಗೇಶನ್ ಹೊಸದಾಗಿ ಬರುವ ಆರ್ಡರ್‌ಗಳಿಗೆ ಮಾತ್ರ. ಶನಿವಾರದ್ದು ಅಲ್ಲೇ ಕೂತಿತು. ರಿಮೈಂಡರ್ ಮೇಲ್‌ಗಳೂ ಜಿಎಂಗೇ ಹೋದವು. ಮದುವೆ ಮನೆಯಲ್ಲಿ ಯಾರು ಮೇಲ್ ನೋಡುತ್ತಾರೆ? ಬುಧವಾರ ಸ್ಟೋರ್ಸ್‌ನವರು ಫೋನ್ ಮಾಡಿದರು, "ಸಾರ್, ಗೇರ್‌ಬಾಕ್ಸ್ ಸದ್ದು ಜಾಸ್ತಿ ಆಗಿದೆ." ಜಿಎಂ ಛತ್ರದಿಂದಲೇ ಪಾಸ್‌ವರ್ಡ್ ಹೇಳಿದರು. ಪರ್ಚೇಸ್ ಮ್ಯಾನೇಜರ್ ಅದರಲ್ಲಿ ಲಾಗಿನ್ ಆಗಿ ಅಪ್ರೂವ್ ಮಾಡಿದರು. ಬೇರಿಂಗ್ ಬಂತು, ಮಿಲ್ ನಿಲ್ಲಲಿಲ್ಲ.

ಮಾರ್ಚ್ ಕಳೆದ ಮೇಲೆ ಆಡಿಟರ್ ಬಂದರು. ಅವರು ಬೇರಿಂಗ್ ನೋಡಲೇ ಇಲ್ಲ. ಒಂದು ಕಡೆ ರಜೆ ರಿಜಿಸ್ಟರ್, ಇನ್ನೊಂದು ಕಡೆ ಅಪ್ರೂವಲ್ ಲಾಗ್ ಇಟ್ಟುಕೊಂಡು ತಾರೀಖು ಹೋಲಿಸಿದರು. ರಜೆಯಲ್ಲಿದ್ದ ಜಿಎಂ, ಆಫೀಸಿನ ಕಂಪ್ಯೂಟರ್‌ನಿಂದ, ಬುಧವಾರ ಬೆಳಿಗ್ಗೆ ಅಪ್ರೂವ್ ಮಾಡಿದ್ದಾರೆ! ಕೆದಕಿದಾಗ ತಿಳಿದದ್ದು, ಆರ್ಡರ್ ತಯಾರಿಸಿದವರೂ ಅಪ್ರೂವ್ ಮಾಡಿದವರೂ ಒಬ್ಬರೇ. ರೇಟ್ ಸರಿಯಿತ್ತು, ಮಾಲು ಸರಿಯಿತ್ತು. ಆದರೂ ಆ ಮನುಷ್ಯ ತಿಂಗಳುಗಟ್ಟಲೆ ಉತ್ತರ ಬರೆಯಬೇಕಾಯಿತು. ಪ್ರಾಮಾಣಿಕನಿಗೆ ಈ ಗತಿ ಬರಬಾರದು. ಅದಕ್ಕೇ ಪದೇ ಪದೇ ಹೇಳುತ್ತೇನೆ, ಪಾಸ್‌ವರ್ಡ್ ಕೊಡುವುದು ಡೆಲಿಗೇಶನ್ ಅಲ್ಲ.

ಹಾಗಾದರೆ ಯಾರ ಹೆಸರು ಹಾಕಬೇಕಿತ್ತು? ಚೀಫ್ ಇಂಜಿನಿಯರ್? ಇಂಡೆಂಟ್ ಹಾಕಿದ್ದು ಅವರದೇ ವಿಭಾಗ. ಪರ್ಚೇಸ್‌ನವರು ಆರ್ಡರ್ ಮಾಡಿದವರು. ಅಕೌಂಟ್ಸ್‌ನವರು ನಾಳೆ ಇದೇ ಬಿಲ್ ಪಾಸ್ ಮಾಡುವವರು. ಈ ಮೂವರನ್ನು ಬಿಟ್ಟರೆ ಚೀಫ್ ಕೆಮಿಸ್ಟ್ ಉಳಿಯುತ್ತಾರೆ. ಬೇರಿಂಗ್ ಬಗ್ಗೆ ಕೆಮಿಸ್ಟ್‌ಗೇನು ಗೊತ್ತು ಅಂತ ನಗಬೇಡಿ. ಸೈಜ್ ನೋಡುವ ಕೆಲಸ ಇಂಜಿನಿಯರ್ ಮುಗಿಸಿರುತ್ತಾರೆ. ಇಲ್ಲಿ ನೋಡಬೇಕಿರುವುದು ಕೊಟೇಶನ್‌ಗಳು ಬಂದಿವೆಯಾ, ಬಜೆಟ್ ಇದೆಯಾ, ಹಿಂದಿನ ರೇಟ್ ಎಷ್ಟಿತ್ತು ಅಂತ. ಆದರೆ ಸಕ್ಕರೆ ವಿಭಾಗದ ಕೆಮಿಕಲ್ ಇಂಡೆಂಟ್ ಬಂದಾಗ ಕೆಮಿಸ್ಟ್ ಆಗುವುದಿಲ್ಲ, ಅದು ಎಂಡಿಗೆ ಹೋಗಬೇಕು. ಇಂಡೆಂಟ್ ಅಥವಾ ಆರ್ಡರ್ ಯಾರ ವಿಭಾಗದ್ದೋ ಅವರಿಗೆ ಅಪ್ರೂವ್ ಬಟನ್ ಬರದ ಹಾಗೆ ಸಿಸ್ಟಮ್‌ನಲ್ಲೇ ತಡೆ ಹಾಕಿ.

ಡೆಲಿಗೇಶನ್ ಪತ್ರದಲ್ಲಿ ಲಿಮಿಟ್ ಬರೆಯಲೇಬೇಕು. ಕೆಮಿಸ್ಟ್‌ಗೆ ಅವರ ಸ್ವಂತ ಲಿಮಿಟ್ಟೋ, ಜಿಎಂ ಅವರ 10 ಲಕ್ಷವೋ? ಸುಮ್ನೆ ಬಿಟ್ಟರೆ ಜಗಳ ಗ್ಯಾರಂಟಿ. ಕೆಮಿಸ್ಟ್‌ಗೆ 7 ಲಕ್ಷ ಅಂತ ಕೊಟ್ಟು, ಅದರ ಮೇಲಿನದು ಎಂಡಿಗೆ ಅಂತ ಬರೆದಿದ್ದರೆ ಈ ಬೇರಿಂಗ್ ಸೋಮವಾರವೇ ಪಾಸಾಗುತ್ತಿತ್ತು. ಲಾಗ್‌ನಲ್ಲಿ "ಜಿಎಂ ಪರವಾಗಿ ಚೀಫ್ ಕೆಮಿಸ್ಟ್" ಅಂತ ಇಬ್ಬರ ಹೆಸರೂ ಬರುತ್ತಿತ್ತು. ಆದರೆ ಮೊದಲೇ ಬಂದು ಕೂತಿರುವ ಆರ್ಡರ್‌ಗಳೂ ವರ್ಗ ಆಗಬೇಕು. ನಿಮ್ಮ ಸಿಸ್ಟಮ್‌ಗೆ ಅದು ಬರುತ್ತದಾ ಅಂತ ನಾಳೆಯೇ ಒಂದು ಟೆಸ್ಟ್ ಆರ್ಡರ್ ಹಾಕಿ ನೋಡಿ. ಬರದಿದ್ದರೆ ರಜೆ ಹೋಗುವವರು ಇನ್‌ಬಾಕ್ಸ್ ಖಾಲಿ ಮಾಡಿಯೇ ಗೇಟ್ ದಾಟಬೇಕು.

ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಊಟದ ಹೊತ್ತು, ಆಯ್ತು ಸಾರ್, ಎಸ್ಕಲೇಶನ್ ಬಗ್ಗೆ ಎರಡು ಮಾತು.

ರಜೆ ಹಾಕದೆಯೂ ಆರ್ಡರ್ ಮೇಲೆ ಕೂರುವವರಿದ್ದಾರೆ, ಅಲ್ವಾ? 24 ಗಂಟೆಗೆ ರಿಮೈಂಡರ್, 48ಕ್ಕೆ ಮೇಲಿನವರಿಗೆ ಅಂತ ಎಲ್ಲರೂ ಇಡುತ್ತಾರೆ. ಆ ಲೆಕ್ಕದಲ್ಲಿ ಭಾನುವಾರ ಸೇರಿದೆಯಾ ನೋಡಿ. ಹಂಗಾಮಿನ ಬ್ರೇಕ್‌ಡೌನ್ ಆರ್ಡರ್‌ಗೆ 48 ಗಂಟೆ ತುಂಬಾ ಜಾಸ್ತಿ, ಅದಕ್ಕೆ 4 ಗಂಟೆಯ ಬೇರೆ ದಾರಿ ಇರಲಿ. ಮೇಲೆ ಹೋದ ಆರ್ಡರ್‌ಗೆ ಎಂಡಿ ಸಹಿ ಹಾಕಿದರೆ ಜಿಎಂ ಇನ್‌ಬಾಕ್ಸ್‌ನಿಂದಲೂ ಅದು ಹೋಗಬೇಕು. ಎಂಡಿಯೂ ರಜೆ ಹೋಗಿ, ಜಿಎಂ ಹೆಸರಿಗೇ ಡೆಲಿಗೇಶನ್ ಹಾಕಿದ್ದರೆ ಆರ್ಡರ್ ಸುತ್ತಿ ಸುತ್ತಿ ಅದೇ ಮೇಜಿಗೆ ಬರುತ್ತದೆ. ಹಾಗಾಗಿ ಎಂಡಿಗೆ ಬದಲಿ ಹೆಸರು ಜಿಎಂ ಆಗುವುದು ಬೇಡ, ಡೈರೆಕ್ಟರ್‌ಗಳಲ್ಲಿ ಒಬ್ಬರಿರಲಿ.

ಕೊನೆಗೆ ಒಂದು. ಗಡುವು ಮುಗಿದರೆ ತಾನಾಗಿಯೇ ಅಪ್ರೂವ್ ಆಗುವ ಸೌಲಭ್ಯ ಕೆಲವು ಸಾಫ್ಟ್‌ವೇರ್‌ಗಳಲ್ಲಿ ಇದೆ. ದಯವಿಟ್ಟು ಅದನ್ನು ಆಫ್ ಮಾಡಿಸಿ. ಲಿಮಿಟ್ ಪಟ್ಟಿ ಮತ್ತು ಡೆಲಿಗೇಶನ್ ಪತ್ರದ ಮಾದರಿ ಬಾಗಿಲ ಹತ್ತಿರ ಇಟ್ಟಿದ್ದೇನೆ, ತೆಗೆದುಕೊಂಡು ಹೋಗಿ. ಪ್ರಶ್ನೆಗಳಿದ್ದರೆ ಊಟದ ಜೊತೆ ಮಾತಾಡೋಣ.