ಸಮೀಕರಣದ ಐದು ಮತ್ತು ಎರಡು ಎಲ್ಲಿಗೆ ಹೋದವು?

ಟೈಟ್ರೇಶನ್ ಲೆಕ್ಕ ಮಾಡುವಾಗ N₁V₁ = N₂V₂ ಅಂತ ಬರೆದು ಎರಡೇ ಸಾಲಿನಲ್ಲಿ ಉತ್ತರ ತೆಗೆಯುವುದು ಎಲ್ಲರಿಗೂ ಗೊತ್ತು. ಆದರೆ ಪರ್ಮಾಂಗನೇಟ್ ಮತ್ತು ಆಕ್ಸಾಲಿಕ್ ಆಮ್ಲದ ಸಮೀಕರಣದಲ್ಲಿ 2 ಇದೆ, 5 ಇದೆ. ಈ ಎರಡು ಸಾಲಿನಲ್ಲಿ ಅವು ಎಲ್ಲೂ ಕಾಣುವುದಿಲ್ಲ. ಎಲ್ಲಿಗೆ ಹೋದವು? ಇವತ್ತು ನಾನು ಮಾತಾಡುವುದು ಇದೊಂದರ ಬಗ್ಗೆ ಮಾತ್ರ, ಅದೂ ಒಂದೇ ಫ್ಲಾಸ್ಕ್ ಆಕ್ಸಾಲಿಕ್ ಆಮ್ಲ ಇಟ್ಟುಕೊಂಡು.

ಮೊದಲು ಫ್ಲಾಸ್ಕ್ ತುಂಬಿಸೋಣ. ಆಕ್ಸಾಲಿಕ್ ಆಮ್ಲದ ಹರಳಿನಲ್ಲಿ ಎರಡು ನೀರಿನ ಅಣು ಸೇರಿರುತ್ತವೆ, H₂C₂O₄·2H₂O. ಒಂದು ಮೋಲ್‌ನ ತೂಕ 126.07 ಗ್ರಾಂ. ಈ ನೀರನ್ನು ಮರೆತು 90 ಅಂತ ಹಿಡಿದುಕೊಂಡರೆ ಲೆಕ್ಕವೆಲ್ಲ ಅಲ್ಲೇ ಕೆಟ್ಟಿತು. ಒಂದು ಅಣು ಪ್ರತ್ಯಾಮ್ಲಕ್ಕೆ ಎರಡು H⁺ ಕೊಡುತ್ತದೆ. ಹಾಗಾಗಿ 126.07 ಅನ್ನು 2ರಿಂದ ಭಾಗಿಸಿ, 63.04. ಇದೇ ಈಕ್ವಿವಲೆಂಟ್ ತೂಕ, ಅಂದರೆ ಒಂದು ಮೋಲ್ H⁺ ಸಿಗಬೇಕಾದರೆ ಎಷ್ಟು ಗ್ರಾಂ ಆಮ್ಲ ಬೇಕು ಅನ್ನುವುದು. ಒಂದು ಲೀಟರಿನಲ್ಲಿ ಇಂಥ ಎಷ್ಟು ಈಕ್ವಿವಲೆಂಟ್ ಇದೆ ಅನ್ನುವುದೇ ನಾರ್ಮಾಲಿಟಿ. ನಮಗೆ 250 ಮಿ.ಲೀ. 0.1 N ದ್ರಾವಣ ಬೇಕು. 63.04 × 0.1 × 0.25, ಅಂದರೆ 1.576 ಗ್ರಾಂ ತೂಗಿ, ಕರಗಿಸಿ, ಗುರುತಿನವರೆಗೆ ನೀರು ತುಂಬಿದರೆ ಆಯಿತು.

ಈಗ ಇದರಿಂದ 25 ಮಿ.ಲೀ. ಪಿಪೆಟ್‌ನಲ್ಲಿ ತೆಗೆದು, ಎರಡು ಹನಿ ಫಿನಾಲ್ಫ್ತಲೀನ್ ಹಾಕಿ, ಬ್ಯೂರೆಟ್‌ನಿಂದ ಸೋಡಿಯಂ ಹೈಡ್ರಾಕ್ಸೈಡ್ ಬಿಡುತ್ತೇವೆ. ತಿಳಿ ಗುಲಾಬಿ ಬಂದಾಗ 24.3 ಮಿ.ಲೀ. ಆಗಿತ್ತು ಅಂತಿಟ್ಟುಕೊಳ್ಳಿ. 25 × 0.1 ಅಂದರೆ 2.5. ಅದನ್ನು 24.3ರಿಂದ ಭಾಗಿಸಿದರೆ 0.1029 N. ಮುಗಿಯಿತು.

ಇದನ್ನೇ ಮೋಲ್‌ನಲ್ಲಿ ಮಾಡಿದರೆ? ದ್ರಾವಣ 0.05 M. 25 ಮಿ.ಲೀ.ಯಲ್ಲಿ 1.25 ಮಿಲಿಮೋಲ್ ಆಮ್ಲ. ಸಮೀಕರಣ ಬರೆಯಬೇಕು, ಒಂದು ಆಮ್ಲಕ್ಕೆ ಎರಡು ಪ್ರತ್ಯಾಮ್ಲ ಅಂತ ನೋಡಬೇಕು, 2ರಿಂದ ಗುಣಿಸಬೇಕು, ಮತ್ತೆ 2.5 ಸಿಗುತ್ತದೆ. ಉತ್ತರ ಅದೇ. ಕಷ್ಟವೇನೂ ಅಲ್ಲ, ಆದರೆ ಆ 2ರಿಂದ ಗುಣಿಸಬೇಕೋ ಭಾಗಿಸಬೇಕೋ ಅನ್ನುವಲ್ಲೇ ಪರೀಕ್ಷೆಯಲ್ಲಿ ಎಡವುತ್ತಾರೆ, ನಾನೂ ಎಡವಿದ್ದೇನೆ.

ನಾರ್ಮಾಲಿಟಿಯಲ್ಲಿ ಆ 2 ಮಾಯವಾಗಿಲ್ಲ. ತೂಗುವಾಗಲೇ ಅದನ್ನು ಬಳಸಿಬಿಟ್ಟಿದ್ದೇವೆ, 126ನ್ನು 63 ಮಾಡಿದಾಗ. ಆಮ್ಲ ಎಷ್ಟು ಮೋಲ್ ಇದೆ ಅಂತ ನಾವು ಎಣಿಸುತ್ತಲೇ ಇಲ್ಲ, ಅದು ಕೊಡುವ H⁺ ಎಣಿಸುತ್ತಿದ್ದೇವೆ. ಒಂದು H⁺ಗೆ ಒಂದು OH⁻. ಇದು ಎಂದೂ ಒಂದಕ್ಕೊಂದೇ, ಆಮ್ಲ ಯಾವುದೇ ಇರಲಿ.

ಅಂದಹಾಗೆ, ಈ ಯೋಚನೆ ಪರಮಾಣು ಸಿದ್ಧಾಂತಕ್ಕಿಂತ ಹಳೆಯದು. ಡಾಲ್ಟನ್ ತನ್ನ ಪುಸ್ತಕ ತಂದದ್ದು 1808ರಲ್ಲಿ. ಅದಕ್ಕೂ ಮೊದಲೇ, 1790ರ ದಶಕದಲ್ಲಿ, ಜರ್ಮನಿಯ ರಿಕ್ಟರ್ ಇಷ್ಟು ಪ್ರತ್ಯಾಮ್ಲಕ್ಕೆ ಇಷ್ಟು ಆಮ್ಲ ಸರಿಹೋಗುತ್ತದೆ ಅನ್ನುವುದನ್ನು ತೂಗಿ ತೂಗಿ ಪಟ್ಟಿ ಮಾಡುತ್ತಿದ್ದ. ಅಣುವಿನ ಸೂತ್ರ ಗೊತ್ತಿಲ್ಲದೆಯೂ ಈಕ್ವಿವಲೆಂಟ್ ಲೆಕ್ಕ ನಡೆಯುತ್ತದೆ ಅನ್ನುವುದು ಇದರಿಂದ ಗೊತ್ತಾಗುತ್ತದೆ ಅಲ್ವಾ?

ಈಗ ಅದೇ ಫ್ಲಾಸ್ಕ್‌ನಿಂದ ಇನ್ನೊಂದು 25 ಮಿ.ಲೀ. ತೆಗೆದು ಪೊಟ್ಯಾಶಿಯಂ ಪರ್ಮಾಂಗನೇಟ್ ಜೊತೆ ಟೈಟ್ರೇಟ್ ಮಾಡೋಣ. ಇಲ್ಲಿ H⁺ ಬದಲು ಎಲೆಕ್ಟ್ರಾನ್ ಎಣಿಸಬೇಕು. ಆಕ್ಸಾಲಿಕ್ ಆಮ್ಲದ ಎರಡು ಕಾರ್ಬನ್‌ಗಳೂ +3ರಿಂದ +4ಕ್ಕೆ ಹೋಗುತ್ತವೆ, ಎರಡು ಎಲೆಕ್ಟ್ರಾನ್ ಬಿಡುತ್ತವೆ. ಅದೃಷ್ಟಕ್ಕೆ ಇಲ್ಲೂ 2, ಹಾಗಾಗಿ ದ್ರಾವಣ ಇಲ್ಲೂ 0.1 N. ಮ್ಯಾಂಗನೀಸ್ +7ರಿಂದ +2ಕ್ಕೆ ಇಳಿದು ಐದು ಎಲೆಕ್ಟ್ರಾನ್ ತೆಗೆದುಕೊಳ್ಳುತ್ತದೆ. 158.03ನ್ನು 5ರಿಂದ ಭಾಗಿಸಿದರೆ ಪರ್ಮಾಂಗನೇಟ್‌ನ ಈಕ್ವಿವಲೆಂಟ್ ತೂಕ 31.61.

ಆಕ್ಸಾಲಿಕ್ ಆಮ್ಲಕ್ಕೆ ಸಾಕಷ್ಟು ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ ಸೇರಿಸಿ, 60–70 ಡಿಗ್ರಿಗೆ ಬಿಸಿ ಮಾಡಿ, ಹನಿಹನಿಯಾಗಿ ಪರ್ಮಾಂಗನೇಟ್ ಬಿಡಬೇಕು. ಮೊದಲ ಹನಿಯ ಬಣ್ಣ ಬೇಗ ಹೋಗುವುದಿಲ್ಲ, ಗಾಬರಿ ಬೇಡ. ಕ್ರಿಯೆಯಲ್ಲೇ ಹುಟ್ಟುವ Mn²⁺ ಅದೇ ಕ್ರಿಯೆಯನ್ನು ಚುರುಕು ಮಾಡುತ್ತದೆ, ಆಮೇಲೆ ಬಣ್ಣ ಬಿದ್ದ ಹಾಗೇ ಮಾಯ. ಅರ್ಧ ನಿಮಿಷ ನಿಲ್ಲುವ ಗುಲಾಬಿ ಬಂದಾಗ ನಿಲ್ಲಿಸಿ. ಬ್ಯೂರೆಟ್ 26.1 ಮಿ.ಲೀ. ತೋರಿಸಿತು ಅನ್ನೋಣ. 2.5 ಭಾಗಿಸು 26.1, ಅಂದರೆ 0.0958 N. ಅದನ್ನು 31.61ರಿಂದ ಗುಣಿಸಿದರೆ ಲೀಟರಿಗೆ ಸುಮಾರು 3.03 ಗ್ರಾಂ. ಎರಡು ಪರ್ಮಾಂಗನೇಟ್‌ಗೆ ಐದು ಆಕ್ಸಲೇಟ್ ಅನ್ನುವ ಉದ್ದದ ಸಮೀಕರಣವನ್ನು ಸರಿದೂಗಿಸುವ ಗೋಜಿಗೇ ನಾವು ಹೋಗಲಿಲ್ಲ. ಒಂದು ಕಡೆಯಿಂದ ಬಿಟ್ಟ ಎಲೆಕ್ಟ್ರಾನ್ ಅಷ್ಟನ್ನೂ ಇನ್ನೊಂದು ಕಡೆ ತೆಗೆದುಕೊಳ್ಳಲೇಬೇಕು, ಅಷ್ಟೇ ಸಾಕಾಯಿತು.

ಆದರೆ ಈ ಸುಲಭದ ಹಿಂದೆ ಒಂದು ಷರತ್ತು ಇದೆ. ನಾನು ಓದುತ್ತಿದ್ದಾಗ ಒಮ್ಮೆ ಸಲ್ಫ್ಯೂರಿಕ್ ಆಮ್ಲ ಜಿಪುಣತನದಿಂದ ಹಾಕಿದೆ. ಫ್ಲಾಸ್ಕ್‌ನಲ್ಲಿ ಕಂದು ಬಗ್ಗಡ ಕಾಣಿಸಿತು. ನಾನು ಸುಮ್ನೆ ಮುಂದುವರಿಸಿದೆ. 26ರ ಆಸುಪಾಸು ಬರಬೇಕಾದ್ದು 28.1 ಬಂತು, ಲೆಕ್ಕ ಹಾಕಿದರೆ 0.089 N. ಆ ಬಗ್ಗಡ ಮ್ಯಾಂಗನೀಸ್ ಡೈಆಕ್ಸೈಡ್. ಆಮ್ಲ ಕಡಿಮೆಯಾದರೆ ಮ್ಯಾಂಗನೀಸ್ +2ರವರೆಗೆ ಇಳಿಯದೆ +4ರಲ್ಲೇ ನಿಂತುಬಿಡುತ್ತದೆ, ಐದರ ಬದಲು ಮೂರೇ ಎಲೆಕ್ಟ್ರಾನ್ ತೆಗೆದುಕೊಳ್ಳುತ್ತದೆ. ಆಗ ಅದೇ ಕೆಲಸಕ್ಕೆ ಜಾಸ್ತಿ ಪರ್ಮಾಂಗನೇಟ್ ಖರ್ಚಾಗುತ್ತದೆ. ನನ್ನ ದ್ರಾವಣ ಬದಲಾಗಿರಲಿಲ್ಲ, ನಾನು ಭಾಗಿಸಿದ 5 ಸುಳ್ಳಾಗಿತ್ತು. ಕಂದು ಕಂಡರೆ ಆ ಟೈಟ್ರೇಶನ್ ಚೆಲ್ಲಿ ಮತ್ತೆ ಶುರು ಮಾಡಿ. ಸಲ್ಫ್ಯೂರಿಕ್ ಬದಲು ಹೈಡ್ರೋಕ್ಲೋರಿಕ್ ಹಾಕುವುದೂ ಸಲ್ಲ, ಅದರ ಕ್ಲೋರೈಡ್ ತಾನೇ ಪರ್ಮಾಂಗನೇಟ್‌ಗೆ ಎಲೆಕ್ಟ್ರಾನ್ ಕೊಡಲು ಶುರು ಮಾಡುತ್ತದೆ.

ಅಂದರೆ ನಾರ್ಮಾಲಿಟಿ ದ್ರಾವಣದ ಗುಣವಲ್ಲ, ದ್ರಾವಣ ಮತ್ತು ಕ್ರಿಯೆ ಎರಡೂ ಸೇರಿದ್ದು. 0.02 M ಪರ್ಮಾಂಗನೇಟ್ ಆಮ್ಲದಲ್ಲಿ 0.1 N, +4ರಲ್ಲಿ ನಿಲ್ಲುವ ತಟಸ್ಥ ದ್ರಾವಣದಲ್ಲಿ 0.06 N. ಆಕ್ಸಾಲಿಕ್ ಆಮ್ಲದಲ್ಲಿ ಎರಡೂ ಕಡೆ 2 ಬಂದದ್ದನ್ನು ಅದೃಷ್ಟ ಅಂದೆನಲ್ಲ, ಅದಕ್ಕೆ ಕಾರಣವಿದೆ. ಅದರ ಬದಲು ಪೊಟ್ಯಾಶಿಯಂ ಹೈಡ್ರೋಜನ್ ಆಕ್ಸಲೇಟ್, KHC₂O₄, ತೆಗೆದುಕೊಂಡು ನೋಡಿ. ಕೊಡಲು ಇರುವ H⁺ ಒಂದೇ, ಎಲೆಕ್ಟ್ರಾನ್ ಮಾತ್ರ ಎರಡು. ಹಾಗಾಗಿ ಅದರ 0.1 M ದ್ರಾವಣ ಸೋಡಿಯಂ ಹೈಡ್ರಾಕ್ಸೈಡ್ ಎದುರು 0.1 N, ಪರ್ಮಾಂಗನೇಟ್ ಎದುರು 0.2 N. ಫ್ಲಾಸ್ಕ್ ಒಂದೇ, ಸಂಖ್ಯೆ ಎರಡು.

ಇದೇ ಗೊಂದಲದಿಂದಾಗಿ ಈಗ ಮೋಲಾರಿಟಿಯಲ್ಲೇ ಬರೆಯಿರಿ ಅನ್ನುವವರು ಜಾಸ್ತಿ. ಅವರು ಹೇಳುವುದು ಸರಿಯೇ, ಸೀಸೆಯ ಚೀಟಿಯ ಮಟ್ಟಿಗೆ. ಬ್ಯೂರೆಟ್ ಮುಂದೆ ನಿಂತು ದಿನಕ್ಕೆ ಹತ್ತಾರು ಲೆಕ್ಕ ಹಾಕುವವನಿಗೆ ನಾರ್ಮಾಲಿಟಿಯೇ ಹಗುರ ಅನ್ನುವುದು ನನ್ನ ಅಭಿಪ್ರಾಯ. ನಾನು ಚೀಟಿಯಲ್ಲಿ ಎರಡನ್ನೂ ಬರೆಯುತ್ತೇನೆ: "KMnO₄, 0.02 M, ಆಮ್ಲದಲ್ಲಿ 0.1 N". ಆ "ಆಮ್ಲದಲ್ಲಿ" ಅನ್ನುವ ಪದ ಬಿಟ್ಟರೆ ನಾಳೆ ಆ ಸೀಸೆ ಎತ್ತಿಕೊಂಡವನಿಗೆ ನಾನು ಯಾವ ಸಂಖ್ಯೆಯಿಂದ ಭಾಗಿಸಿದ್ದೆ ಅನ್ನುವುದು ತಿಳಿಯುವುದಿಲ್ಲ.