ಓಣಂ ಆಫರ್: ಮೊದಲು ಹಳೆಯ ಬೆಲೆ ನೋಡಿ

ಹಿರಿಯರೇ, ಅಕ್ಕಂದಿರೇ, ಓಣಂ ಹತ್ತಿರ ಬಂದಿದೆ. ಕಾಸರಗೋಡು ಪೇಟೆಯಲ್ಲಿ ಎಲ್ಲಿ ನೋಡಿದರೂ ಆಫರಿನ ಬ್ಯಾನರ್‌ಗಳು. ಅದಕ್ಕಾಗಿ ಇಂದು ಒಂದೇ ವಿಷಯ ಹೇಳುತ್ತೇನೆ: ಶೇಕಡಾವಾರು ರಿಯಾಯಿತಿಯನ್ನು ನೋಡಬೇಡಿ, ಹಳೆಯ ಬೆಲೆಯನ್ನು ನೋಡಿ.

ಬದಿಯಡ್ಕದ ಕಡೆಯ ನಮ್ಮ ಸಂಬಂಧಿಕರೊಬ್ಬರು ಕಳೆದ ವರ್ಷ ಆನ್‌ಲೈನಿನಲ್ಲಿ ಮಿಕ್ಸಿ ಕೊಳ್ಳಲು ಹೊರಟರು. ಎಂ.ಆರ್.ಪಿ. 5,999 ರೂಪಾಯಿ, ಹಬ್ಬದ ಬೆಲೆ 3,299, ಶೇಕಡಾ 45 ಕಡಿತ. ‘ನಾಳೆ ಹೋದರೆ ಸಿಗಲಿಕ್ಕಿಲ್ಲ’ ಎಂದು ಅವರಿಗೆ ಅವಸರ. ನಾನು ಆ ಮಿಕ್ಸಿಯ ಲಿಂಕನ್ನು ನಕಲು ಮಾಡಿ, ಬೆಲೆಯ ಇತಿಹಾಸ ತೋರಿಸುವ ತಾಣವೊಂದರಲ್ಲಿ ಅಂಟಿಸಿದೆ. ಆರು ತಿಂಗಳಲ್ಲಿ ಬೆಲೆ ಏರಿದ್ದು ಇಳಿದದ್ದನ್ನು ತೋರಿಸುವ ಗೆರೆ ಮೂಡಿತು. ಮೂರು ತಿಂಗಳು ಅದು 2,999 ಮತ್ತು 3,149ರ ನಡುವೆ ಆಡುತ್ತಿತ್ತು. ಮಾರಾಟಕ್ಕೆ ಎರಡು ವಾರ ಇರುವಾಗ ನೆಟ್ಟಗೆ 3,899ಕ್ಕೆ ಏರಿತು, ಹಬ್ಬದ ದಿನ 3,299ಕ್ಕೆ ಇಳಿಯಿತು. ಎಂದರೆ ರಿಯಾಯಿತಿ ದರವೇ ಮಾಮೂಲಿ ದರಕ್ಕಿಂತ ನೂರೈವತ್ತು ರೂಪಾಯಿಯಾದರೂ ಹೆಚ್ಚು! ಅವರು ಕೊಳ್ಳಲಿಲ್ಲ. ಹಬ್ಬ ಕಳೆದ ಮೇಲೆ 3,049ಕ್ಕೆ ಅದೇ ಮಿಕ್ಸಿ ಮನೆಗೆ ಬಂತು. ಈಗಲೂ ಚಟ್ನಿ ಅರೆಯುತ್ತಿದೆ.

ಎಂ.ಆರ್.ಪಿ. ಎಂದರೆ ಅದಕ್ಕಿಂತ ಹೆಚ್ಚು ತೆಗೆದುಕೊಳ್ಳಬಾರದು ಎಂಬ ಮಿತಿ, ಅಷ್ಟೇ. ಆ ದರಕ್ಕೆ ಯಾರಾದರೂ ಎಂದಾದರೂ ಕೊಂಡಿದ್ದರು ಎಂದಲ್ಲ. ಶೇಕಡಾ 45 ಎಂಬುದು ಆ ಮಿತಿಯಿಂದ ಹಾಕಿದ ಲೆಕ್ಕ. ಗೆರೆಯಲ್ಲಿ ಹೆಚ್ಚು ದಿನ ನಿಂತ ಬೆಲೆ ಯಾವುದೋ ಅದೇ ನಿಮ್ಮ ಅಳತೆಗೋಲು. ಒಂದೇ ದಿನಕ್ಕೆ ಕುಸಿದ ತೀರಾ ಕಡಿಮೆ ಬೆಲೆಯನ್ನೂ ನಂಬಬೇಡಿ. ಅದು ಕೆಲವೇ ಗಂಟೆಗಳ ಮಾರಾಟವಾಗಿರಬಹುದು.

ಗೆರೆಗೆ ಕಾಣದ ಸಂಗತಿಗಳೂ ಇವೆ. ಬ್ಯಾಂಕ್ ಕಾರ್ಡಿನ ಕಡಿತ, ಕೂಪನ್, ಹಳೆಯ ವಸ್ತುವಿನ ವಿನಿಮಯ ಸಾಮಾನ್ಯವಾಗಿ ಅದರಲ್ಲಿ ಬರುವುದಿಲ್ಲ. ನಿಮ್ಮ ಕೈಯಿಂದ ಹೋಗುವ ಹಣವನ್ನು ನೀವೇ ಲೆಕ್ಕ ಹಾಕಿ. ಮೂರು ಜಾರಿನದೋ ನಾಲ್ಕು ಜಾರಿನದೋ ಎಂದು ಮಾದರಿ ಸಂಖ್ಯೆಯನ್ನು ಅಕ್ಷರ ಅಕ್ಷರ ಹೊಂದಿಸಿ, ಇಲ್ಲವಾದರೆ ಬೇರೆ ಮಿಕ್ಸಿಯ ಬೆಲೆ ನೋಡಿದಂತಾಗುತ್ತದೆ. ನಿನ್ನೆ ಮೊನ್ನೆ ಬಂದ ಮಾದರಿಗೆ ಇತಿಹಾಸವೇ ಇರುವುದಿಲ್ಲ. ಅಲ್ಲಿ ಹೋಲಿಸಬೇಕಾದದ್ದು ಅಷ್ಟೇ ಸಾಮರ್ಥ್ಯದ ಹಳೆಯ ಮಾದರಿಯನ್ನು.

ಸಮಯವಾಯಿತೆಂದು ಅಧ್ಯಕ್ಷರು ಸನ್ನೆ ಮಾಡುತ್ತಿದ್ದಾರೆ. ಟಿ.ವಿ., ಏಸಿ ಕೊಳ್ಳುವವರು ಇದೊಂದನ್ನು ಗಮನಿಸಿ. 2025ರ ಸೆಪ್ಟೆಂಬರ್ 22ರಿಂದ ಏಸಿ ಮತ್ತು ದೊಡ್ಡ ಟಿ.ವಿ.ಗಳ ಜಿ.ಎಸ್.ಟಿ. ಶೇಕಡಾ 28ರಿಂದ 18ಕ್ಕೆ ಇಳಿದಿದೆ. ಅದಕ್ಕೂ ಹಿಂದಿನ ಬೆಲೆಯೊಂದಿಗೆ ಹೋಲಿಸಿದರೆ ತೆರಿಗೆಯ ಇಳಿಕೆಯೇ ಆಫರಿನಂತೆ ಕಾಣುತ್ತದೆ.

ಇನ್ನು ಪೇಟೆಯ ಅಂಗಡಿಗಳು. ಅಲ್ಲಿ ಗೆರೆ ಇಲ್ಲ. ಹಬ್ಬಕ್ಕೆ ಒಂದೆರಡು ತಿಂಗಳು ಮೊದಲೇ ಹೋಗಿ, ಮಾದರಿ ಸಂಖ್ಯೆ ಸಹಿತ ಬೆಲೆ ಬರೆಸಿಕೊಂಡು ಚೀಟಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ. ನಮಸ್ಕಾರ.