ಬೆಂಗಳೂರಿನ ಜನಸಂಖ್ಯೆ: ಎಣಿಸಿದ್ದೆಷ್ಟು, ಅಂದಾಜು ಮಾಡಿದ್ದೆಷ್ಟು

ಕೇಳುಗರಿಗೆ ನಮಸ್ಕಾರ.

ಬೆಂಗಳೂರಿನಲ್ಲಿ ಎಷ್ಟು ಜನರಿದ್ದಾರೆ ಎಂದು ಕೇಳಿದರೆ ಒಬ್ಬರು ಒಂದೂಕಾಲು ಕೋಟಿ ಎನ್ನುತ್ತಾರೆ, ಇನ್ನೊಬ್ಬರು ಒಂದೂವರೆ ಕೋಟಿ ಎನ್ನುತ್ತಾರೆ. ಇವೆರಡೂ ಮನೆಮನೆಗೆ ಹೋಗಿ ಎಣಿಸಿದ ಸಂಖ್ಯೆಗಳಲ್ಲ. ಕೊನೆಯ ಸಲ ಎಣಿಸಿದ್ದು 2011ರ ಗಣತಿಯಲ್ಲಿ, ಅದೂ ಆ ವರ್ಷದ ಮಾರ್ಚ್ 1ರ ಮೊದಲ ಕ್ಷಣಕ್ಕೆ ಲೆಕ್ಕ ಹಿಡಿದು. ಅಲ್ಲಿಂದ ಈಚೆಗೆ ನೀವು ಕೇಳಿದ ಪ್ರತಿಯೊಂದು ಸಂಖ್ಯೆಯೂ ಅಂದಾಜು.

1881ರಿಂದ ಹತ್ತು ವರ್ಷಕ್ಕೊಮ್ಮೆ ತಪ್ಪದೆ ನಡೆದು ಬಂದ ಗಣತಿ 2021ರಲ್ಲಿ ತಪ್ಪಿತು. ಮನೆಪಟ್ಟಿಯ ಕೆಲಸ 2020ರ ಏಪ್ರಿಲ್‌ನಲ್ಲಿ ಆರಂಭವಾಗಬೇಕಿತ್ತು. ಕೊರೊನಾ ಬಂದು ನಿಂತಿತು, ಆಮೇಲೆ ಮುಂದೂಡಿಕೆಯ ಮೇಲೆ ಮುಂದೂಡಿಕೆಯಾಯಿತು. ಇಷ್ಟು ವರ್ಷಕ್ಕೊಮ್ಮೆ ಗಣತಿ ನಡೆಯಲೇಬೇಕೆಂಬ ಕಟ್ಟುಪಾಡು 1948ರ ಗಣತಿ ಕಾಯ್ದೆಯಲ್ಲಿಲ್ಲ. ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದಾಗ ಅದು ನಡೆಯುತ್ತದೆ. ಮುಂದಿನ ಗಣತಿಗೆ 2027ರ ಮಾರ್ಚ್ 1 ನಿಗದಿಯಾಗಿದೆ. ಎಣಿಸಿದ ಮೇಲೂ ವಿವರಗಳು ಕೈಗೆ ಬರಲು ತಡವಾಗುತ್ತದೆ. 2011ರಲ್ಲಿ ಯಾರು ಎಲ್ಲಿಂದ ವಲಸೆ ಬಂದಿದ್ದರು ಎಂಬ ಕೋಷ್ಟಕಗಳು ಹೊರಬಂದದ್ದು 2019ರಲ್ಲಿ.

ಅಂದಾಜು ಹೇಗೆ ಕೆಡುತ್ತದೆ ಎಂಬುದಕ್ಕೆ ನಾನು ಎಲ್ಲೆಡೆ ಹೇಳುವ ಪ್ರಸಂಗವೊಂದಿದೆ. ಹೊರವಲಯಕ್ಕೆ ನೀರು ಒದಗಿಸುವ ಯೋಜನೆಯ ಸಭೆಯೊಂದರಲ್ಲಿ ಯುವ ಎಂಜಿನಿಯರ್ ಒಬ್ಬರು ಬಹಳ ಶ್ರದ್ಧೆಯಿಂದ ಲೆಕ್ಕ ಮಾಡಿ ತಂದಿದ್ದರು. ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ 2001ರಲ್ಲಿ 43 ಲಕ್ಷ ಜನ, 2011ರಲ್ಲಿ 84 ಲಕ್ಷ ಜನ. ಆದ್ದರಿಂದ ನಗರ ಹತ್ತು ವರ್ಷಕ್ಕೆ ಎರಡರಷ್ಟಾಗುತ್ತದೆ ಎಂಬುದು ಅವರ ತೀರ್ಮಾನ. ಎರಡೂ ಸಂಖ್ಯೆಗಳು ಗಣತಿಯ ಪುಸ್ತಕದಿಂದಲೇ ಬಂದವು, ಗುಣಾಕಾರದಲ್ಲಿಯೂ ತಪ್ಪಿರಲಿಲ್ಲ. ನಾನು ಅವರನ್ನು ಕೇಳಿದ್ದು ಒಂದೇ ಪ್ರಶ್ನೆ: ಯಾವ ಎಲ್ಲೆಯೊಳಗೆ? 2001ರ ಪಾಲಿಕೆಯ ವಿಸ್ತೀರ್ಣ ಸುಮಾರು 226 ಚದರ ಕಿಲೋಮೀಟರ್. 2007ರಲ್ಲಿ ಏಳು ನಗರಸಭೆಗಳನ್ನು, ಒಂದು ಪುರಸಭೆಯನ್ನು ಮತ್ತು 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಮಾಡಿದಾಗ ಅದು 700 ಚದರ ಕಿಲೋಮೀಟರ್ ದಾಟಿತು. ಯಲಹಂಕ, ಕೆಂಗೇರಿ, ಮಹದೇವಪುರಗಳ ಜನ ಎಲ್ಲಿಂದಲೂ ಬಂದವರಲ್ಲ. ಅವರು ತಮ್ಮ ಮನೆಯಲ್ಲೇ ಇದ್ದರು, ಎಲ್ಲೆ ಅವರ ಬಳಿಗೆ ಬಂದಿತು. ಪಾಲಿಕೆಯ ಗೆರೆಯನ್ನು ಬಿಟ್ಟು, ಸುತ್ತಲಿನ ಪಟ್ಟಣಗಳನ್ನೂ ಸೇರಿಸಿ ಗಣತಿ ಇಲಾಖೆ ಲೆಕ್ಕ ಹಾಕುವ ಇಡೀ ನಗರ ಸಮೂಹವನ್ನು ನೋಡಿದರೆ 57 ಲಕ್ಷವಿದ್ದದ್ದು 85 ಲಕ್ಷವಾಗಿತ್ತು, ಎಂದರೆ ಶೇಕಡ 49ರಷ್ಟು ಏರಿಕೆ. ಅದೂ ಭಾರಿ ಏರಿಕೆಯೇ, ಆದರೆ ಎರಡರಷ್ಟಲ್ಲ. ಆದ್ದರಿಂದ ಸಂಖ್ಯೆ ಕೇಳಿದೊಡನೆ ಎಲ್ಲೆ ಯಾವುದೆಂದು ಕೇಳಿ.

ಈಗ ಲೆಕ್ಕದ ವಿಧಾನಕ್ಕೆ ಬರೋಣ. ಆ ಎರಡು ಗಣತಿಗಳ ನಡುವೆ ಎಲ್ಲೆ ಬದಲಾಗದ ಬೆಂಗಳೂರು ನಗರ ಜಿಲ್ಲೆಯನ್ನೇ ತೆಗೆದುಕೊಳ್ಳಿ. 2001ರಲ್ಲಿ 65.37 ಲಕ್ಷ, 2011ರಲ್ಲಿ 96.21 ಲಕ್ಷ. ಅಂದಾಜು ಮಾಡುವವರು ಇದನ್ನು ಸರಳ ಬಡ್ಡಿಯಂತೆಯೂ ಬೆಳೆಸಬಹುದು, ಚಕ್ರಬಡ್ಡಿಯಂತೆಯೂ ಬೆಳೆಸಬಹುದು. ವರ್ಷಕ್ಕೆ ಅದೇ 3.08 ಲಕ್ಷ ಜನ ಸೇರುತ್ತಾ ಹೋದರೆ 2026ಕ್ಕೆ ಸುಮಾರು 1 ಕೋಟಿ 42 ಲಕ್ಷ. ವರ್ಷಕ್ಕೆ ಅದೇ ಶೇಕಡ 3.9ರ ದರದಲ್ಲಿ ಬೆಳೆದರೆ ಸುಮಾರು 1 ಕೋಟಿ 72 ಲಕ್ಷ. ಆರಂಭದ ಸಂಖ್ಯೆಗಳು ಅವೇ, ಎಲ್ಲೆಯೂ ಅದೇ; ಊಹೆಯೊಂದು ಬದಲಾದುದಕ್ಕೆ 30 ಲಕ್ಷದಷ್ಟು ಜನ ಹೆಚ್ಚಿದರು.

ಎರಡರಲ್ಲಿ ಯಾವುದು ನಂಬಲರ್ಹ ಎಂದು ತಿಳಿಯಲು ರಾಜ್ಯದ ಕಡೆ ನೋಡಬೇಕು. ಇಡೀ ಕರ್ನಾಟಕದ ಹತ್ತು ವರ್ಷದ ಬೆಳವಣಿಗೆ ದರ 2001ರಲ್ಲಿ ಶೇಕಡ 17.5 ಇದ್ದದ್ದು 2011ರಲ್ಲಿ 15.6ಕ್ಕೆ ಇಳಿದಿತ್ತು, ಜನನ ಪ್ರಮಾಣ ಆಮೇಲೆಯೂ ತಗ್ಗುತ್ತಲೇ ಇದೆ. ಆದ್ದರಿಂದ ಜಿಲ್ಲೆ ಹಳೆಯ ದರದಲ್ಲೇ ಬೆಳೆಯಬೇಕಾದರೆ ಹೊರಗಿನಿಂದ ಬರುವವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರುತ್ತಲೇ ಇರಬೇಕು. ಹಾಗಾಗಿ ದೊಡ್ಡ ಸಂಖ್ಯೆಯನ್ನು ನಾನು ಒಪ್ಪುವುದಿಲ್ಲ. ಕೇಂದ್ರದ ತಾಂತ್ರಿಕ ತಂಡವು ವಯಸ್ಸಿನ ಗುಂಪುಗಳನ್ನು ಹಿಡಿದು, ಜನನ, ಮರಣ, ವಲಸೆಗಳನ್ನು ಲೆಕ್ಕಿಸಿ 2036ರವರೆಗೆ ಮಾಡಿದ ಅಂದಾಜು ಇದಕ್ಕಿಂತ ಎಷ್ಟೋ ಮೇಲು. ಆದರೆ ಅದು ರಾಜ್ಯಕ್ಕೆ ಮತ್ತು ರಾಜ್ಯದ ಒಟ್ಟು ನಗರ ಭಾಗಕ್ಕೆ ನಿಲ್ಲುತ್ತದೆ, ಒಂದೊಂದು ಊರಿಗೆ ಇಳಿಯುವುದಿಲ್ಲ.

ಮತದಾರರ ಪಟ್ಟಿಯಿಂದಲೋ ವಿದ್ಯುತ್ ಮೀಟರುಗಳಿಂದಲೋ ಜನರನ್ನು ಲೆಕ್ಕ ಹಾಕಬಹುದಲ್ಲವೇ ಎಂಬ ವಿಷಯಕ್ಕೆ ಸಮಯ ಕಡಿಮೆಯಿದೆ, ಚುಟುಕಾಗಿ ಹೇಳುತ್ತೇನೆ. ಪಟ್ಟಿಯಲ್ಲಿ ಮಕ್ಕಳಿಲ್ಲ, ಊರಲ್ಲೇ ಹೆಸರು ಉಳಿಸಿಕೊಂಡು ಇಲ್ಲಿ ದುಡಿಯುವ ಕಟ್ಟಡ ಕಾರ್ಮಿಕರೂ ಇಲ್ಲ. ಬೀಗ ಹಾಕಿದ ಫ್ಲ್ಯಾಟಿಗೂ ಮೀಟರಿದೆ, ನಾಲ್ಕು ಸಂಸಾರದ ವಠಾರಕ್ಕೂ ಒಂದೇ ಮೀಟರಿರಬಹುದು. ಯಾವ ಬಡಾವಣೆ ಬೇಗ ಬೆಳೆಯುತ್ತಿದೆ ಎಂದು ತಿಳಿಯಲು ಇವು ನೆರವಾಗುತ್ತವೆ, ತಲೆ ಎಣಿಸಲು ಆಗುವುದಿಲ್ಲ.

2025ರಲ್ಲಿ ಬೆಂಗಳೂರು ಐದು ಪಾಲಿಕೆಗಳಾಗಿ ಒಡೆದಿದೆ. 2027ರ ಸಂಖ್ಯೆಯನ್ನು 2011ರ 84 ಲಕ್ಷದೊಡನೆ ಹೋಲಿಸುವವರು ಮೊದಲು ಆ ಐದನ್ನೂ ಕೂಡಿಸಿ, ಹಳೆಯ ಎಲ್ಲೆಯ ಹೊರಗಿನ ಭಾಗವೇನಾದರೂ ಸೇರಿದ್ದರೆ ಅದನ್ನು ಕಳೆದು, ಆನಂತರ ಶೇಕಡಾವಾರು ಹೇಳಲಿ.

ನಮಸ್ಕಾರ.